ಮಂಗಳಾರತಿ ವಿಡಿಯೋ ವಾಟ್ಸ್‌ಆ್ಯಪ್ ಸ್ಟೇಟಸ್‌ಗೆ ಚಿಕ್ಕದು ಮಾಡೋದು ಹೇಗೆ? ನಿಮ್ಮ ಅನುಭವ ಹೇಳಿ

ಊರಿನ ಮಗಳು: ನಮ್ಮೂರ ವೀರಭದ್ರ ದೇವರ ಮಂಗಳಾರತಿಯನ್ನು ನನ್ನ ತಮ್ಮ ಫೋನ್ ಅಡ್ಡ ಹಿಡಿದು ತೆಗೆದಿದ್ದಾನೆ. 4 ನಿಮಿಷ, 500 ಎಂಬಿ. ಮನೆ ಗ್ರೂಪಿನಲ್ಲಿ ಅತ್ತೆ, ದೊಡ್ಡಮ್ಮ ಎಲ್ಲರದ್ದೂ ಹಳೇ ಫೋನು, ಜಾಗವೇ ಇರುವುದಿಲ್ಲ. ಸ್ಟೇಟಸ್‌ಗೆ ಹಾಕಿದರೆ ದೇವರ ಮುಖ ಚೌಕ ಚೌಕವಾಗಿ ಒಡೆಯುತ್ತದೆ. ಏನು ಮಾಡಲಿ?

ಹಾಸನದ ಸೊಸೆ: ನಮ್ಮನೆಯಲ್ಲೂ ಇದೇ ಗೋಳು! ಬೆಳಗಾದರೆ ಅತ್ತೆ ಹತ್ತು ದೇವರ ವಿಡಿಯೋ ಕಳಿಸುತ್ತಾರೆ. ನಾನು ಆ ಗ್ರೂಪಿಗೆ ಮೀಡಿಯಾ ವಿಸಿಬಿಲಿಟಿ ಆಫ್ ಮಾಡಿದೆ. ಈಗ ಹೊಸದಾಗಿ ಬರುವುದು ಯಾವುದೂ ಗ್ಯಾಲರಿಯಲ್ಲಿ ಕಾಣಿಸುವುದಿಲ್ಲ.

ಊರಿನ ಮಗಳು: ಅಕ್ಕ, ನಾನು ಕಳಿಸುವ ಕಡೆಯವಳು 🙂

ಮೊಬೈಲ್ ಅಂಗಡಿ: 240ಪಿಗೆ ಇಳಿಸಿ ಬಿಡಿ, ಸುಲಭ. ಇನ್ನೊಂದು, ಫಾರ್ವರ್ಡ್ ಮಾಡಿದಷ್ಟೂ ಮಸುಕಾಗುತ್ತದೆ. ಒಂದೇ ಸಲ ಕಳಿಸಿ.

ಮದುವೆ ವಿಡಿಯೋ ಮಾಡುವವ: ಒಂದೇ ಸಲ ಅನ್ನುವುದು ಸರಿ, ಕಾರಣ ಬೇರೆ. ವಾಟ್ಸ್‌ಆ್ಯಪ್ ಒಳಗೇ ಫಾರ್ವರ್ಡ್ ಮಾಡಿದರೆ ಅದೇ ಫೈಲು ಹೋಗುತ್ತದೆ, ಕೆಡುವುದಿಲ್ಲ. ಗ್ಯಾಲರಿಯಿಂದ ಮತ್ತೆ ಆರಿಸಿ ಹಾಕಿದಾಗ, ಸ್ಕ್ರೀನ್ ರೆಕಾರ್ಡ್ ಮಾಡಿದಾಗ ಇನ್ನೊಮ್ಮೆ ಹಿಂಡಿದ ಹಾಗೆ ಆಗುತ್ತದೆ. ಹಾಗಾಗಿ ಗ್ರೂಪಿಗೆ ಬಂದ ಪ್ರತಿ ಬೇಡ. ತಮ್ಮನ ಫೋನಿನ ಮೂಲ ಫೈಲನ್ನೇ ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿ.

240ಪಿ ಮಾತ್ರ ಬೇಡ. ಗರ್ಭಗುಡಿಯಲ್ಲಿ ಕತ್ತಲು, ನಡುವೆ ಕರ್ಪೂರದ ಉರಿ. ಕತ್ತಲಲ್ಲಿ ಫೋನು ತೆಗೆದ ಚಿತ್ರದ ತುಂಬ ಸಣ್ಣ ಚುಕ್ಕಿಗಳು ಕುಣಿಯುತ್ತಿರುತ್ತವೆ. ಹೊಗೆಯೂ ಅಲ್ಲಾಡುತ್ತದೆ. ಇವಕ್ಕೇ ಡೇಟಾ ಖರ್ಚಾಗಿ ದೇವರ ಮುಖಕ್ಕೆ ಏನೂ ಉಳಿಯುವುದಿಲ್ಲ. ಚೌಕ ಚೌಕ ಒಡೆಯುವುದು ಅದಕ್ಕೇ.

ಮೊದಲು ಹೊತ್ತು ಕಡಿಮೆ ಮಾಡಿ. ಸ್ಟೇಟಸ್ ಮಿತಿ ಮುಂಚೆ 30 ಸೆಕೆಂಡ್ ಇತ್ತು, ಈಗ ಅದಕ್ಕಿಂತ ಹೆಚ್ಚಿದೆ. ಹಳೇ ಫೋನಿನವರಿಗೆ 25 ಸೆಕೆಂಡ್ ಸಾಕು. ಆರತಿ ಮುಖದ ಹತ್ತಿರ ಬಂದು ಬೆಳಕು ಬೀಳುವ ಭಾಗ ಹುಡುಕಿ. ಅದು 2 ನಿಮಿಷ 10 ಸೆಕೆಂಡಿಗೆ ಶುರು ಅಂತ ಇಟ್ಟುಕೊಳ್ಳಿ. ಲ್ಯಾಪ್‌ಟಾಪಿನಲ್ಲಿ ಎಫ್‌ಎಫ್‌ಎಂಪೆಗ್ ಅನ್ನುವ ಉಚಿತ ಪ್ರೋಗ್ರಾಮ್ ಹಾಕಿಕೊಂಡರೆ ಈ ಒಂದು ಕಮಾಂಡ್ ಅಷ್ಟೇ:

```
ffmpeg -ss 00:02:10 -i arati.mp4 -t 25 -vf "crop=ih:ih,hqdn3d,scale=540:540,fps=30" -af "afade=t=out:st=24:d=1" -c:v libx264 -b:v 900k -pix_fmt yuv420p -c:a aac -b:a 96k -movflags +faststart status.mp4
```

ಇದು ಎರಡೂ ಬದಿ ಕತ್ತರಿಸಿ ನಡುವಿನ ಚೌಕ ಉಳಿಸುತ್ತದೆ, ಚುಕ್ಕಿಗಳನ್ನು ಸ್ವಲ್ಪ ಒರೆಸುತ್ತದೆ. ಕೊನೆಯ ಒಂದು ಸೆಕೆಂಡಿನಲ್ಲಿ ಜಾಗಟೆ ಸದ್ದು ಮೆಲ್ಲಗೆ ಇಳಿಯುತ್ತದೆ, ಇಲ್ಲದಿದ್ದರೆ ಟಕ್ ಅಂತ ನಿಂತು ಕಿವಿಗೆ ಬಡಿಯುತ್ತದೆ. ಚಿತ್ರ 900, ಸದ್ದು 96, ಸೆಕೆಂಡಿಗೆ ಸುಮಾರು ಸಾವಿರ ಕಿಲೋಬಿಟ್. 25 ಸೆಕೆಂಡಿಗೆ 25 ಸಾವಿರ. ಎಂಟರಿಂದ ಭಾಗಿಸಿದರೆ 3 ಎಂಬಿ ಚಿಲ್ಲರೆ. ಸದ್ದನ್ನು ಇನ್ನೂ ಇಳಿಸಬೇಡಿ. ಗಂಟೆ, ಜಾಗಟೆ ತಗಡು ಬಡಿದ ಹಾಗೆ ಕೇಳುತ್ತವೆ.

ಊರಿನ ಮಗಳು: ಲ್ಯಾಪ್‌ಟಾಪ್ ಇಲ್ಲದಿದ್ದರೆ? ಫೋನಿನ ಒಂದು ಆ್ಯಪಿನಲ್ಲಿ ಕತ್ತರಿಸಿ ನೋಡಿದೆ. ಶುರುವಲ್ಲಿ ಚಿತ್ರ ಅಂಟಿಕೊಂಡು ನಿಲ್ಲುತ್ತದೆ, ಗಂಟೆ ಮಾತ್ರ ಕೇಳುತ್ತದೆ.

ಮದುವೆ ವಿಡಿಯೋ ಮಾಡುವವ: ಆ ಆ್ಯಪ್ ಹೊಸದಾಗಿ ಎನ್‌ಕೋಡ್ ಮಾಡದೆ ಹಾಗೇ ತುಂಡು ಮಾಡುತ್ತಿರಬೇಕು. ವಿಡಿಯೋದಲ್ಲಿ ಪೂರ್ತಿ ಚಿತ್ರ ಅಲ್ಲೊಂದು ಇಲ್ಲೊಂದು ಇರುತ್ತದೆ, ನಡುವೆ ಬರೀ ಬದಲಾವಣೆ. ನೀವು ಕತ್ತರಿಸಿದ್ದು ನಡುವೆ. ಎಕ್ಸ್‌ಪೋರ್ಟ್ ಅಂತ ಇರುವ ಎಡಿಟರಿನಲ್ಲಿ 1:1, 720ಪಿ, 30 ಫ್ರೇಮ್ ಆರಿಸಿ. ಹಳೇ ಫೋನಿನಲ್ಲಿ ಸದ್ದು ಬಂದು ಪರದೆ ಕಪ್ಪಾಗಿದ್ದರೆ ಫೈಲು ಎಚ್‌ಇವಿಸಿ ಅನ್ನುವ ಹೊಸ ಮಾದರಿಯಲ್ಲಿ ಇರಬಹುದು. ಹಳೇ ಫೋನಿಗೂ ಒಗ್ಗುವ ಎಚ್.264 ಮಾದರಿಗೆ ಮಾಡಿ.

ನಿವೃತ್ತ ಮೇಷ್ಟ್ರು: ಎಲ್ಲ ಸರಿಯಪ್ಪಾ. ಆದರೆ ಬದಿ ಕತ್ತರಿಸಿದರೆ ಪಕ್ಕದ ಭದ್ರಕಾಳಿ ಅಮ್ಮನವರು ಹೋಗುತ್ತಾರಲ್ಲ? ಮಂತ್ರವನ್ನೂ ಅರ್ಧಕ್ಕೆ ನಿಲ್ಲಿಸುವುದು ನನಗೆ ಸರಿ ಕಾಣುವುದಿಲ್ಲ.

ಮದುವೆ ವಿಡಿಯೋ ಮಾಡುವವ: ಅಮ್ಮನವರು ಬೇಕೆಂದರೆ crop ಭಾಗ ತೆಗೆದು, `scale=540:540` ಬದಲು `scale=854:480` ಹಾಕಿ ಮೇಷ್ಟ್ರೇ. ಸ್ಟೇಟಸ್‌ನಲ್ಲಿ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ, ಮುಖ ಚಿಕ್ಕದಾಗುತ್ತದೆ. ನಾನು ಚೌಕವೇ ಚೆಂದ ಅಂತೀನಿ. ಮಂತ್ರದ ವಿಷಯ ಒಪ್ಪಿದೆ. ಶ್ಲೋಕ ಮುಗಿಯುವ ಜಾಗ ನೋಡಿಯೇ ಕತ್ತರಿಸಬೇಕು. 25 ಹೋಗಿ 29 ಆದರೂ ಪರವಾಗಿಲ್ಲ. ಆಗ `-t 29`, `st=28` ಅಂತ ಎರಡನ್ನೂ ಬದಲಿಸಿ.

ಮೊಬೈಲ್ ಅಂಗಡಿ: ಎಚ್‌ಡಿ ಬಟನ್ ಒತ್ತಿದರೆ ಇಷ್ಟೆಲ್ಲ ಬೇಕಾ?

ಮದುವೆ ವಿಡಿಯೋ ಮಾಡುವವ: ಒತ್ತಿದರೆ ಫೈಲು ದೊಡ್ಡದೇ ಆಗುತ್ತದೆ ಗುರು. ದೊಡ್ಡಮ್ಮನ ಫೋನಿನಲ್ಲಿ ಜಾಗ ಇಲ್ಲ ಅಂದರಲ್ವಾ?

ನಿವೃತ್ತ ಮೇಷ್ಟ್ರು: ನಮಗೆ ಅಮ್ಮನವರು ಇರುವುದನ್ನೇ ಕಳಿಸಮ್ಮ. ಮುಖ ಚಿಕ್ಕದಾದರೂ ಸರಿ.

ಊರಿನ ಮಗಳು: ಚೌಕ ಸ್ಟೇಟಸ್‌ಗೆ, ಪೂರ್ತಿಯದು ಗ್ರೂಪಿಗೆ ಹಾಕಿ ನೋಡುತ್ತೇನೆ ಮೇಷ್ಟ್ರೇ. ತಮ್ಮ ಮೂಲ ಫೈಲ್ ಇಟ್ಟುಕೊಂಡಿದ್ದಾನೋ ಅಳಿಸಿದ್ದಾನೋ, ಮೊದಲು ಅದನ್ನು ಕೇಳಬೇಕು.