ಓಣಿಯ ಸೋಲಾರ್ ದೀಪಕ್ಕೆ ಪ್ಯಾನೆಲ್ ಎಷ್ಟು, ಬ್ಯಾಟರಿ ಎಷ್ಟು?

ಪ್ರಶ್ನೆ: ಗ್ರಾಮ ಪಂಚಾಯಿತಿ ಸದಸ್ಯರು, ಹಾನಗಲ್ ತಾಲ್ಲೂಕು

ನಮ್ಮೂರಿನ ಒಂದು ಓಣಿಗೆ ಪ್ರಾಯೋಗಿಕವಾಗಿ ಒಂದು ಸೋಲಾರ್ ದೀಪ ಹಾಕಿಸಿದ್ದೇವೆ. ದೀಪ 12 ವ್ಯಾಟ್, ಪ್ಯಾನೆಲ್ 40 ವ್ಯಾಟ್, ಲಿಥಿಯಂ ಫಾಸ್ಫೇಟ್ ಬ್ಯಾಟರಿ 12.8 ವೋಲ್ಟ್, 18 ಎಎಚ್. ಸಂಜೆ ಐದು ತಾಸು ಪೂರ್ಣ ಬೆಳಕು, ಆಮೇಲೆ ಬೆಳಗಿನವರೆಗೆ ಅರ್ಧ ಬೆಳಕು. ಬೇಸಿಗೆಯಲ್ಲಿ ಒಂದು ದಿನವೂ ತಪ್ಪಲಿಲ್ಲ. ಆದರೆ ಪುಷ್ಯ ಮಳೆ ಹಿಡಿದಾಗ ಎರಡು ರಾತ್ರಿ ಉರಿದು ಮೂರನೆಯ ರಾತ್ರಿ ನಡುವೆಯೇ ಆರಿಹೋಯಿತು. ಇನ್ನೂ ಆರು ದೀಪ ಹಾಕಿಸಬೇಕಾಗಿದೆ. ಪ್ಯಾನೆಲ್ ಅಷ್ಟೇ ಇರಲಿ, ಬ್ಯಾಟರಿ 40 ಎಎಚ್ ಮಾಡಿಕೊಡುತ್ತೇನೆ ಎಂದು ಮಾರಾಟಗಾರರು ಹೇಳುತ್ತಿದ್ದಾರೆ. ಇಷ್ಟು ಸಾಕೇ?

ನಿವೃತ್ತ ವಿಜ್ಞಾನ ಶಿಕ್ಷಕರು, ರಾಣೆಬೆನ್ನೂರು

ಬಿಸಿಲಿಲ್ಲದೆ ಮೂರು ರಾತ್ರಿ ತಡೆಯುವಂತೆ ಬ್ಯಾಟರಿ ಲೆಕ್ಕ ಹಾಕುವುದು ವಾಡಿಕೆ. ನಿಮ್ಮ ದೀಪ ರಾತ್ರಿಗೆ ಸುಮಾರು 110 ವ್ಯಾಟ್-ಅವರ್ ತಿನ್ನುತ್ತದೆ ಎಂದುಕೊಳ್ಳೋಣ. ಮೂರು ರಾತ್ರಿಗೆ 330 ಆಯಿತು. 40 ಎಎಚ್ ಅನ್ನು 12.8 ವೋಲ್ಟಿನಿಂದ ಗುಣಿಸಿದರೆ ಬ್ಯಾಟರಿಯಲ್ಲಿ ಅದಕ್ಕಿಂತ ಹೆಚ್ಚೇ ಇರುತ್ತದೆ. ದಿನವಿಡೀ ಬೀಳುವ ಬಿಸಿಲನ್ನು ನಡುಮಧ್ಯಾಹ್ನದ ಪೂರ್ಣ ಬಿಸಿಲಿನ ತಾಸುಗಳಾಗಿ ಎಣಿಸಿದರೆ ನಮ್ಮ ಭಾಗದಲ್ಲಿ ವರ್ಷದ ಸರಾಸರಿ ದಿನಕ್ಕೆ ಐದೂವರೆ ತಾಸಿನ ಆಸುಪಾಸು ಇರುವುದರಿಂದ 40 ವ್ಯಾಟ್ ಪ್ಯಾನೆಲ್ ಧಾರಾಳವಾಗಿ ಸಾಕು. ಮಾರಾಟಗಾರರು ಹೇಳುತ್ತಿರುವುದು ಸರಿಯಾಗಿದೆ.

ಉತ್ತರ: ಸೌರ ವಿದ್ಯುತ್ ಇಂಜಿನಿಯರ್, ಹುಬ್ಬಳ್ಳಿ

ಗುರುಗಳೇ, ಬ್ಯಾಟರಿಯ ಲೆಕ್ಕ ನೀವು ಹೇಳಿದಂತೆಯೇ. ಪ್ಯಾನೆಲ್ಲಿಗೆ ಮಾತ್ರ ವರ್ಷದ ಸರಾಸರಿಯನ್ನು ಹಿಡಿಯಬಾರದು, ಏಕೆಂದರೆ ದೀಪ ಉರಿಯಬೇಕಾದದ್ದು ಸರಾಸರಿಯಲ್ಲಿ ಅಲ್ಲ, ಆಷಾಢದ ರಾತ್ರಿಯಲ್ಲಿ. ಹಾನಗಲ್ಲು ಮಲೆನಾಡಿನ ಸೆರಗಿನಲ್ಲಿರುವ ತಾಲ್ಲೂಕು. ಅಲ್ಲಿ ಜುಲೈ ತಿಂಗಳಿಗೆ ದಿನಕ್ಕೆ ನಾಲ್ಕು ತಾಸಿನ ಪೂರ್ಣ ಬಿಸಿಲಿಗಿಂತ ಹೆಚ್ಚು ಹಿಡಿಯಲು ನನಗೆ ಧೈರ್ಯವಾಗುವುದಿಲ್ಲ, ಮೋಡ ಕವಿದು ಜಿಟಿಜಿಟಿ ಹಿಡಿದ ದಿನಗಳಲ್ಲಂತೂ ಒಂದೂವರೆ ತಾಸಿನಷ್ಟು ಸಿಕ್ಕರೆ ಹೆಚ್ಚು.

ಸದಸ್ಯರೇ, ಮೊದಲು ಖರ್ಚನ್ನು ನೋಡೋಣ. 12 ವ್ಯಾಟ್ ಎಂದು ಬರೆದ ಇಂಥದ್ದೇ ಒಂದು ದೀಪಕ್ಕೆ ಬ್ಯಾಟರಿಯಿಂದ ಹೋಗುವ ತಂತಿಯಲ್ಲಿ ಮೀಟರ್ ಇಟ್ಟು ನೋಡಿದಾಗ 1.05 ಆಂಪಿಯರ್ ಹರಿಯುತ್ತಿತ್ತು. ಎಂದರೆ ದೀಪಕ್ಕೆ ಕರೆಂಟನ್ನು ಹದಗೊಳಿಸಿ ಕೊಡುವ ಡ್ರೈವರ್ ಎಂಬ ಸರ್ಕೀಟಿನ ನಷ್ಟವೂ ಸೇರಿ ಬ್ಯಾಟರಿಗೆ ಅದು ಹದಿಮೂರೂವರೆ ವ್ಯಾಟಿನ ದೀಪ. ಐದು ತಾಸು ಪೂರ್ಣವಾಗಿ, ಆರು ತಾಸು ಅರ್ಧಕ್ಕೆ ಉರಿದರೆ ಗುರುಗಳು ಹೇಳಿದ 110ರ ಹತ್ತಿರಕ್ಕೇ ಬರುತ್ತದೆ.

ಇನ್ನು ಆದಾಯ. ಪ್ಯಾನೆಲ್ಲಿನ ಹಿಂದೆ ಅಂಟಿಸಿದ 40 ವ್ಯಾಟ್ ಎಂಬ ಮಾತು ಸುಮಾರು 18 ವೋಲ್ಟಿನಲ್ಲಿ ಅಳೆದದ್ದು. ಕಂಬದ ದೀಪಗಳಲ್ಲಿ ಸಾಮಾನ್ಯವಾಗಿ ಹಾಕುವ ಪಿಡಬ್ಲ್ಯುಎಂ ಕಂಟ್ರೋಲರ್ ಪ್ಯಾನೆಲನ್ನು ನೇರವಾಗಿ ಬ್ಯಾಟರಿಗೆ ಜೋಡಿಸುವುದರಿಂದ ವೋಲ್ಟೇಜ್ 13ರ ಆಸುಪಾಸಿಗೆ ಇಳಿಯುತ್ತದೆ, ಕರೆಂಟ್ 2.2 ಆಂಪಿಯರ್ ಅಷ್ಟೇ ಇರುತ್ತದೆ. ಅಲ್ಲಿಗೇ 40 ವ್ಯಾಟ್ 30 ಆಯಿತು. ಧೂಳು, ತಂತಿ, ಬ್ಯಾಟರಿ ತುಂಬುವಾಗಿನ ನಷ್ಟ ಎಲ್ಲವನ್ನೂ ಕಳೆದರೆ ಒಂದು ತಾಸಿನ ಪೂರ್ಣ ಬಿಸಿಲಿಗೆ ಕೈಗೆ ಸಿಗುವುದು ಸುಮಾರು 24 ವ್ಯಾಟ್-ಅವರ್ ಮಾತ್ರ.

ಈಗ ನಿಮ್ಮ ಮೂರನೆಯ ರಾತ್ರಿಯ ಕಥೆ ಲೆಕ್ಕದಲ್ಲೇ ಕಾಣುತ್ತದೆ. ಮೋಡದ ದಿನ ಒಂದೂವರೆ ತಾಸಿಗೆ 36 ಒಳಗೆ ಬರುತ್ತದೆ, ರಾತ್ರಿ 110 ಹೊರಗೆ ಹೋಗುತ್ತದೆ; ದಿನಕ್ಕೆ 74ರ ಕೊರತೆ. 18 ಎಎಚ್ ಬ್ಯಾಟರಿಯಲ್ಲಿ ಇರುವುದು 230 ವ್ಯಾಟ್-ಅವರ್. ಬಾಳಿಕೆಯ ದೃಷ್ಟಿಯಿಂದ ಅದರ ಶೇಕಡಾ 80ನ್ನು ಮಾತ್ರ ಬಳಸಬೇಕಾದ್ದರಿಂದ ಸಿಗುವುದು 184. ಕೊರತೆಯನ್ನು ಅದು ಎರಡೂವರೆ ರಾತ್ರಿ ತುಂಬಿಕೊಡುತ್ತದೆ. ದೀಪ ಕೆಟ್ಟಿರಲಿಲ್ಲ, ಅದರ ಅಳತೆಯೇ ಅಷ್ಟಿತ್ತು.

ಬ್ಯಾಟರಿಯನ್ನಷ್ಟೇ 40 ಎಎಚ್ ಮಾಡಿದರೆ ಬಳಸಲು 410 ಸಿಗುತ್ತದೆ, ಅದೇ ಕೊರತೆಯನ್ನು ಐದೂವರೆ ರಾತ್ರಿ ತಡೆಯುತ್ತದೆ. ನೋಡಲು ಇದು ಸುಧಾರಣೆಯೇ. ಆದರೆ ಜಿಟಿಜಿಟಿ ನಿಂತ ಮೇಲೆ ಏನಾಗುತ್ತದೆ ನೋಡಿ. ಜುಲೈನ ಸಾಧಾರಣ ದಿನವೊಂದರಲ್ಲಿ ನಾಲ್ಕು ತಾಸಿಗೆ 96 ಬರುತ್ತದೆ, 110 ಹೋಗುತ್ತದೆ. ಖಾಲಿಯಾದ ಬ್ಯಾಟರಿ ಮಳೆಗಾಲ ಕಳೆಯುವವರೆಗೆ ಮತ್ತೆ ತುಂಬುವುದೇ ಇಲ್ಲ, ದೀಪ ದಿನಾಲೂ ಬೆಳಗಿನ ಜಾವಕ್ಕೆ ಮುಂಚೆ ಆರುತ್ತಿರುತ್ತದೆ. ಹಗೇವನ್ನು ಎಷ್ಟು ದೊಡ್ಡದು ತೋಡಿದರೂ ಹೊಲದಲ್ಲಿ ಬೆಳೆದಷ್ಟೇ ಜೋಳ ಅದರೊಳಗೆ ಬೀಳುತ್ತದೆ.

ಆದ್ದರಿಂದ ನಾನಾಗಿದ್ದರೆ ಹಣವನ್ನು ಪ್ಯಾನೆಲ್ಲಿನ ಕಡೆಗೆ ತಿರುಗಿಸುತ್ತಿದ್ದೆ: ಪ್ಯಾನೆಲ್ 75 ವ್ಯಾಟ್, ಬ್ಯಾಟರಿ 36 ಎಎಚ್. ಆ ಪ್ಯಾನೆಲ್ ಜುಲೈನ ಸಾಧಾರಣ ದಿನಕ್ಕೆ 180 ಕೊಡುತ್ತದೆ. ರಾತ್ರಿಯ ಖರ್ಚು ಕಳೆದು 70 ಉಳಿಯುವುದರಿಂದ ಪೂರ್ತಿ ಬರಿದಾದ ಬ್ಯಾಟರಿಯೂ ಐದಾರು ದಿನಗಳಲ್ಲಿ ತುಂಬುತ್ತದೆ. ಮೋಡದ ದಿನವೂ 67ರಷ್ಟು ಬರುವುದರಿಂದ ಕೊರತೆ 43ಕ್ಕೆ ಇಳಿಯುತ್ತದೆ, ಬ್ಯಾಟರಿಯ 368 ವ್ಯಾಟ್-ಅವರ್ ಎಂಟು ರಾತ್ರಿಗೂ ಮಿಕ್ಕಿ ತಡೆಯುತ್ತದೆ. ಮಾರಾಟಗಾರರು ಹೇಳಿದ್ದಕ್ಕಿಂತ ಚಿಕ್ಕ ಬ್ಯಾಟರಿ ಹೆಚ್ಚು ರಾತ್ರಿ ಬಾಳುವುದು ಹೀಗೆ. ಪ್ಯಾನೆಲ್ ದೊಡ್ಡದಾದಾಗ ಗಾಳಿಯ ಒತ್ತಡವೂ ಹೆಚ್ಚುತ್ತದೆ ಎಂಬುದನ್ನು ಮಾತ್ರ ಮರೆಯದೆ, ಕಂಬದ ದಪ್ಪ ಮತ್ತು ಬುಡದ ಕಾಂಕ್ರೀಟನ್ನು ಅದಕ್ಕೆ ತಕ್ಕಂತೆ ಬರೆಸಿಕೊಳ್ಳಿ.

ಅಂಗಡಿ ಮಾಲೀಕರು, ಮುಂಡರಗಿ

ನಮ್ಮಲ್ಲಿ ಇದಕ್ಕೆ ವಿರುದ್ಧವಾಗಿದೆ. ಮನೆಯ ಇನ್ವರ್ಟರಿನಿಂದ ತೆಗೆದ 100 ಎಎಚ್ ಟ್ಯೂಬುಲರ್ ಬ್ಯಾಟರಿಯನ್ನು ಅಂಗಡಿ ಮುಂದಿನ ದೀಪಕ್ಕೆ ಹಾಕಿದ್ದೇನೆ, ಪ್ಯಾನೆಲ್ 40 ವ್ಯಾಟ್. ಇಲ್ಲಿ ಮಳೆಯೂ ಕಡಿಮೆ. ಆದರೂ ಆರು ತಿಂಗಳಿಗೆ ಬ್ಯಾಟರಿ ಸತ್ತಿತು. ಆ ಬ್ಯಾಟರಿ ನೀರು ಕೇಳುತ್ತಲೇ ಇರಲಿಲ್ಲ, ಅದು ಒಳ್ಳೆಯ ಲಕ್ಷಣ ಎಂದುಕೊಂಡಿದ್ದೆ.

ಹುಬ್ಬಳ್ಳಿಯ ಇಂಜಿನಿಯರ್

ವಿರುದ್ಧವಲ್ಲ ಸಾಹುಕಾರರೇ, ಇದು ಅದೇ ರೋಗ. ಸೀಸದ ಬ್ಯಾಟರಿ ಪೂರ್ತಿ ತುಂಬುವ ಹೊತ್ತಿಗೆ ಸ್ವಲ್ಪ ನೀರು ಕಳೆದುಕೊಳ್ಳಲೇಬೇಕು. ನಿಮ್ಮದು ನೀರು ಕೇಳಲಿಲ್ಲ ಎಂದರೆ ಪೂರ್ತಿ ತುಂಬಲೇ ಇಲ್ಲ ಎಂದು ಅರ್ಥ. 100 ಎಎಚ್ ಬ್ಯಾಟರಿ ಹತ್ತು ಆಂಪಿಯರ್ ಚಾರ್ಜ್ ಬಯಸುತ್ತದೆ, ನಿಮ್ಮ ಪ್ಯಾನೆಲ್ ನಡುಮಧ್ಯಾಹ್ನವೂ ಎರಡಕ್ಕಿಂತ ಸ್ವಲ್ಪ ಮೇಲೆ ಕೊಡುತ್ತದೆ. ಅರೆಹೊಟ್ಟೆಯಲ್ಲೇ ತಿಂಗಳುಗಟ್ಟಲೆ ಇದ್ದರೆ ತಟ್ಟೆಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಅದು ಬಿಡುವುದಿಲ್ಲ. ಲಿಥಿಯಂ ಫಾಸ್ಫೇಟಿಗೆ ಅರೆಹೊಟ್ಟೆಯಿಂದ ಅಂಥ ಹಾನಿ ಇಲ್ಲ. ಸದಸ್ಯರಿಗೆ ಆ ಜಾತಿಯ ಬ್ಯಾಟರಿಯನ್ನೇ ಇಟ್ಟುಕೊಳ್ಳಿ ಎನ್ನುವುದು ಅದಕ್ಕಾಗಿ.

ಪ್ರಶ್ನೆ ಕೇಳಿದ ಸದಸ್ಯರು

ಸರ್, ಮಾರಾಟಗಾರರಿಗೆ ಇದನ್ನೆಲ್ಲ ಹೇಳಿದೆ. ಎಂಪಿಪಿಟಿ ಕಂಟ್ರೋಲರ್ ಹಾಕಿದರೆ 60 ವ್ಯಾಟಿನಲ್ಲೇ ಮುಗಿಯುತ್ತದೆ ಎನ್ನುತ್ತಾರೆ. ನಂಬಬಹುದೇ?

ಹುಬ್ಬಳ್ಳಿಯ ಇಂಜಿನಿಯರ್

ಎಂಪಿಪಿಟಿ ಎಂದರೆ ಪ್ಯಾನೆಲನ್ನು ಅದರ 18 ವೋಲ್ಟಿನ ಆಸುಪಾಸಿನಲ್ಲೇ ದುಡಿಸಿ ಬ್ಯಾಟರಿಗೆ ತಕ್ಕಂತೆ ಬದಲಿಸಿ ಕೊಡುವ ಕಂಟ್ರೋಲರ್. ಅದು ನಿಜವಾಗಿಯೂ ಎಂಪಿಪಿಟಿ ಆಗಿದ್ದರೆ ಮಾತು ಸರಿ, ಅದರೊಂದಿಗಿನ 60 ವ್ಯಾಟ್ ಮತ್ತು ಪಿಡಬ್ಲ್ಯುಎಂ ಜೊತೆಗಿನ 75 ವ್ಯಾಟ್ ಹೆಚ್ಚುಕಡಿಮೆ ಸಮನಾಗುತ್ತವೆ. ಆದರೆ ಡಬ್ಬದ ಮೇಲೆ ಎಂಪಿಪಿಟಿ ಎಂದು ಬರೆದು ಒಳಗೆ ಪಿಡಬ್ಲ್ಯುಎಂ ಇಟ್ಟದ್ದನ್ನು ನಾನು ಬಿಚ್ಚಿ ನೋಡಿದ್ದೇನೆ. ಹಣ ಕೊಡುವ ಮೊದಲು ಬ್ಯಾಟರಿ ಸಾಕಷ್ಟು ಇಳಿದಿರುವ ದಿನ, ಹತ್ತು ಗಂಟೆಯ ಒಳ್ಳೆಯ ಬಿಸಿಲಿನಲ್ಲಿ, ಚಾರ್ಜ್ ಆಗುತ್ತಿರುವಾಗಲೇ ಕಂಟ್ರೋಲರಿಗೆ ಪ್ಯಾನೆಲ್ಲಿನ ತಂತಿ ಸೇರುವ ಜಾಗದಲ್ಲಿ ವೋಲ್ಟೇಜ್ ಅಳೆಯಿರಿ. ಬ್ಯಾಟರಿಯ ವೋಲ್ಟೇಜಿಗಿಂತ ತುಸು ಮೇಲೆ, ಹದಿಮೂರೋ ಹದಿನಾಲ್ಕೋ ತೋರಿಸಿದರೆ ಅದು ಪಿಡಬ್ಲ್ಯುಎಂ. ಹದಿನಾರರಿಂದ ಹದಿನೆಂಟರ ನಡುವೆ ನಿಂತಿದ್ದರೆ ನಿಜವಾದದ್ದು. ಬ್ಯಾಟರಿ ತುಂಬಿರುವಾಗ ಅಳೆದರೆ ಪಿಡಬ್ಲ್ಯುಎಂ ಕೂಡ ಹೆಚ್ಚಿನ ವೋಲ್ಟೇಜ್ ತೋರಿಸಿ ದಾರಿ ತಪ್ಪಿಸುತ್ತದೆ.

ನನ್ನ ನಾಲ್ಕು ತಾಸಿನ ಅಂದಾಜನ್ನೂ ಸುಮ್ಮನೆ ನಂಬಬೇಡಿ. ಯುರೋಪಿಯನ್ ಆಯೋಗದವರ PVGIS ಎಂಬ ಉಚಿತ ತಾಣದಲ್ಲಿ ನಕಾಶೆಯ ಮೇಲೆ ನಿಮ್ಮೂರನ್ನು ಒತ್ತಿ, ಗ್ರಿಡ್ ಇಲ್ಲದ ವ್ಯವಸ್ಥೆಯ ಭಾಗಕ್ಕೆ ಹೋಗಿ, ಪ್ಯಾನೆಲ್ 75, ಬ್ಯಾಟರಿ 460, ದಿನದ ಖರ್ಚು 110 ಎಂದು ತುಂಬಿದರೆ, ಯಾವ ತಿಂಗಳಲ್ಲಿ ಶೇಕಡಾ ಎಷ್ಟು ದಿನ ಬ್ಯಾಟರಿ ಬರಿದಾಗುತ್ತದೆ ಎಂದು ಅದು ತೋರಿಸುತ್ತದೆ. ಬ್ಯಾಟರಿ ಎಷ್ಟಕ್ಕೆ ಇಳಿದಾಗ ಬಂದಾಗಬೇಕು ಎಂದು ಕೇಳುವಲ್ಲಿ 20 ಎಂದು ಹಾಕಿ. ಅದೇ ಲೆಕ್ಕವನ್ನು 40 ವ್ಯಾಟಿಗೆ ಇನ್ನೊಮ್ಮೆ ಮಾಡಿ, ಎರಡೂ ಕಾಗದಗಳನ್ನು ಮಾರಾಟಗಾರರ ಮುಂದೆ ಇಡಿ.

ಅಂಗನವಾಡಿ ಕಾರ್ಯಕರ್ತೆ, ಶಿಗ್ಗಾಂವಿ ತಾಲ್ಲೂಕು

ನಡುರಾತ್ರಿ ಅರ್ಧ ಬೆಳಕು ಇರಲಿ, ಅಭ್ಯಂತರವಿಲ್ಲ. ಆದರೆ ನಮ್ಮ ಓಣಿಯಲ್ಲಿ ಹೆಣ್ಣುಮಕ್ಕಳು ಬೆಳಗಿನ ಐದಕ್ಕೇ ನೀರಿಗೆ, ಹಾಲಿಗೆ ಹೊರಬರುತ್ತಾರೆ. ಆಗ ಪೂರ್ಣ ಬೆಳಕು ಬೇಕು. ಮನುಷ್ಯರು ಬಂದಾಗ ಬೆಳಕು ಹೆಚ್ಚುವ ಸೆನ್ಸರ್ ಇದೆಯಂತಲ್ಲ, ಅದನ್ನು ಹಾಕಿದರೆ ಹೇಗೆ?

ಹುಬ್ಬಳ್ಳಿಯ ಇಂಜಿನಿಯರ್

ಬೆಳಗಿನ ಒಂದು ತಾಸನ್ನು ಪೂರ್ಣ ಬೆಳಕಿಗೆ ಏರಿಸಿದರೆ ಖರ್ಚು ಹೆಚ್ಚುವುದು ಸುಮಾರು ಏಳು ವ್ಯಾಟ್-ಅವರ್ ಮಾತ್ರ. 75 ವ್ಯಾಟ್ ಪ್ಯಾನೆಲ್ ಅದನ್ನು ಹೊರುತ್ತದೆ, ಸಂಕೋಚವಿಲ್ಲದೆ ಕೇಳಿ ಹಾಕಿಸಿಕೊಳ್ಳಿ ತಾಯಿ. ಸೆನ್ಸರಿನ ಬಗ್ಗೆ ನನಗೆ ಎರಡು ಮನಸ್ಸು. ಓಣಿಯಲ್ಲಿ ನಾಯಿ, ದನ ಓಡಾಡಿದಾಗಲೂ ಅದು ಬೆಳಕು ಏರಿಸುವುದರಿಂದ ಉಳಿತಾಯ ಎಷ್ಟು ಎಂದು ಮೊದಲೇ ಹಿಡಿಯಲಾಗುವುದಿಲ್ಲ. ಸೆನ್ಸರಿನ ಉಳಿತಾಯವನ್ನು ನಂಬಿ ಪ್ಯಾನೆಲ್ ಚಿಕ್ಕದು ಮಾಡುವುದನ್ನಂತೂ ನಾನು ಒಪ್ಪುವುದಿಲ್ಲ.

ನಿವೃತ್ತ ವಿಜ್ಞಾನ ಶಿಕ್ಷಕರು, ರಾಣೆಬೆನ್ನೂರು

ಜುಲೈ ಲೆಕ್ಕ ನೋಡಿ ನನ್ನ ತಪ್ಪು ತಿಳಿಯಿತು. ಆದರೂ ಒಂದು ಮಾತು: ಡಿಸೆಂಬರಿನಲ್ಲಿ ರಾತ್ರಿ ಒಂದೂವರೆ ತಾಸಿಗಿಂತ ಹೆಚ್ಚು ಉದ್ದವಾಗುತ್ತದೆ. ಅದನ್ನು ಯಾರೂ ಹಿಡಿದಂತಿಲ್ಲ.

ಹುಬ್ಬಳ್ಳಿಯ ಇಂಜಿನಿಯರ್

ಹಿಡಿಯಬೇಕಾದ ಮಾತೇ, ಗುರುಗಳೇ. ಆಗ ಖರ್ಚು 120ರ ಆಸುಪಾಸಿಗೆ ಏರುತ್ತದೆ. ಆದರೆ ಆ ತಿಂಗಳಲ್ಲಿ ಆಕಾಶ ತಿಳಿಯಾಗಿರುವುದರಿಂದ, ದಕ್ಷಿಣಕ್ಕೆ ಹದಿನೈದು ಡಿಗ್ರಿ ವಾಲಿಸಿದ ಪ್ಯಾನೆಲ್ಲಿಗೆ ಆದಾಯ ಅದಕ್ಕಿಂತ ಬಹಳ ಹೆಚ್ಚೇ ಇರುತ್ತದೆ. ಇನ್ನೂ ಕಡಿದಾಗಿ ವಾಲಿಸಿದರೆ ಮಾತ್ರ ಮಳೆಗಾಲಕ್ಕೆ ನಷ್ಟ, ಏಕೆಂದರೆ ಆಗ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕೆ ಸರಿದಿರುತ್ತಾನೆ.

ಪ್ರಶ್ನೆ ಕೇಳಿದ ಸದಸ್ಯರು

ಸರ್, ಈಗಿರುವ ಕಂಬದ ಪಡುವಣಕ್ಕೆ ಒಂದು ಹುಣಸೆ ಮರವಿದೆ. ಮಾರಾಟಗಾರರ ಹುಡುಗ ಮಧ್ಯಾಹ್ನ ಮೂರಕ್ಕೆ ಪ್ಯಾನೆಲ್ ತಂತಿ ಬಿಚ್ಚಿ ಅಳೆದು, 20 ವೋಲ್ಟ್ ಬರುತ್ತಿದೆ, ನೆರಳಿನಿಂದ ತೊಂದರೆಯಿಲ್ಲ ಎಂದು ತೋರಿಸಿದ.

ಹುಬ್ಬಳ್ಳಿಯ ಇಂಜಿನಿಯರ್

ಬಿಚ್ಚಿದ ಪ್ಯಾನೆಲ್ ನೆರಳಿನಲ್ಲಿಯೂ ಹೆಚ್ಚುಕಡಿಮೆ ಪೂರ್ಣ ವೋಲ್ಟೇಜನ್ನೇ ತೋರಿಸುತ್ತದೆ. ನೋಡಬೇಕಾದದ್ದು ಕರೆಂಟು. ಮೀಟರಿನ ಕೆಂಪು ತಂತಿಯನ್ನು 10 ಆಂಪಿಯರ್ ರಂಧ್ರಕ್ಕೆ ಬದಲಿಸಿ, ಡಿಸಿ ಆಂಪಿಯರಿಗೆ ಇಟ್ಟು, ಕಂಟ್ರೋಲರಿನಿಂದ ಬಿಚ್ಚಿದ ಪ್ಯಾನೆಲ್ ತಂತಿಗಳಿಗೆ ಮಾತ್ರ ಹಿಡಿಯಿರಿ. ಬ್ಯಾಟರಿಯ ತಂತಿಗೆ ಹಾಗೆ ಹಿಡಿದರೆ ಮೀಟರ್ ಸುಟ್ಟುಹೋಗುತ್ತದೆ, ಎಚ್ಚರಿಕೆ. ನಡುಮಧ್ಯಾಹ್ನಕ್ಕೆ ಒಮ್ಮೆ, ಮೂರಕ್ಕೆ ಒಮ್ಮೆ ಅಳೆದು ಎರಡನ್ನೂ ಇಲ್ಲಿ ಬರೆಯಿರಿ.

ಪ್ರಶ್ನೆ ಕೇಳಿದ ಸದಸ್ಯರು

ಅಳೆದೆವು ಸರ್. ಹನ್ನೆರಡೂವರೆಗೆ 2.1 ಆಂಪಿಯರ್ ಇತ್ತು. ಮೂರಕ್ಕೆ ಒಂದು ಟೊಂಗೆಯ ನೆರಳು ಪ್ಯಾನೆಲ್ಲಿನ ಕೆಳಗಿನ ಸಾಲಿನ ಮೇಲಷ್ಟೇ ಬಿದ್ದಿತ್ತು, ಆದರೂ 0.4ಕ್ಕೆ ಇಳಿದಿತ್ತು. ಮರದವರು ಟೊಂಗೆ ಕಡಿಯಲು ಒಪ್ಪುತ್ತಿಲ್ಲ. ಹೊಸ ಆರು ಕಂಬಗಳ ಜಾಗವನ್ನು ನೆರಳು ನೋಡಿಯೇ ಗುರುತಿಸುತ್ತೇವೆ. ಈ ಒಂದು ಕಂಬವನ್ನು ಕಿತ್ತು ಬೇರೆಡೆ ನೆಡುವುದೋ, ಪ್ಯಾನೆಲನ್ನು ಮಾತ್ರ ಎದುರಿನ ಸಮುದಾಯ ಭವನದ ಮಾಳಿಗೆಗೆ ಒಯ್ದು ತಂತಿ ಎಳೆಯುವುದೋ, ಪಂಚಾಯಿತಿಯಲ್ಲಿ ಇನ್ನೂ ಒಮ್ಮತವಾಗಿಲ್ಲ.

ಹುಬ್ಬಳ್ಳಿಯ ಇಂಜಿನಿಯರ್

ಮಾಳಿಗೆಗೆ ಒಯ್ಯುವುದಾದರೆ ದೂರವನ್ನು ಹಗ್ಗ ಹಿಡಿದು ಅಳೆದು ತಿಳಿಸಿ. ಹದಿನೈದು ಮೀಟರ್ ದಾಟಿದರೆ ಈಗಿರುವ ತೆಳು ತಂತಿ ನಡೆಯುವುದಿಲ್ಲ. 4 ಚದರ ಮಿಲಿಮೀಟರ್ ತಾಮ್ರದ ಸೋಲಾರ್ ಕೇಬಲ್ಲಿನ ಬೆಲೆಯನ್ನು ಕಂಬ ಕಿತ್ತು ನೆಡುವ ಖರ್ಚಿನ ಪಕ್ಕದಲ್ಲಿಟ್ಟು ನೋಡಿ, ಆಮೇಲೆ ನಿರ್ಧರಿಸಿ.