ಪದಚರ್ಚೆ: ‘ಹಸರ ಕುಬಸ’ ಅಂದರೆ ರವಿಕೆಯೋ, ಇಡೀ ಕಾರ್ಯದ ಬಣ್ಣವೋ?

ಪ್ರಶ್ನೆ – ಮೈಸೂರಿನಿಂದ

ಬಳಗದವರಿಗೆ ನಮಸ್ಕಾರ. ನನ್ನ ತಂಗಿಯನ್ನು ಬಾಗಲಕೋಟೆ ಕಡೆ ಕೊಟ್ಟಿದ್ದೇವೆ. ಅವಳಿಗೀಗ ಏಳು ತಿಂಗಳು. ನಾವು ಬಳೆ ತೊಡಿಸೋ ಶಾಸ್ತ್ರ, ಸೀಮಂತ ಅನ್ನುವುದಕ್ಕೆ ಅವರ ಕಡೆ ಕುಬಸ ಅನ್ನುತ್ತಾರೆ ಅನ್ನುವಷ್ಟು ಗೊತ್ತು. ಬೀಗತಿಯವರು ಫೋನಿನಲ್ಲಿ ಹೇಳಿದ ಮಾತು ಇದು: “ಹಸರ ಕುಬಸನ ಆಗ್ಬೇಕ್ರಿ. ಸೀರಿ ನಿಮ್ಮ ಮನಸ್ಸಿಗೆ ಬಂದದ್ದು ತರ್ರಿ, ಕರೇದೊಂದು ಬ್ಯಾಡ.”

ಅಮ್ಮನ ಪ್ರಕಾರ ಕಾರ್ಯವೆಲ್ಲ ಹಸಿರಾಗಿರಬೇಕು, ಮಂಟಪವೂ ಸೇರಿ. ಅತ್ತಿಗೆ ಹೇಳುವುದು ರವಿಕೆ ಮಾತ್ರ ಅಂತ. ಮನೆಯಲ್ಲಿ ಎರಡು ಸೀರೆ ತೆಗೆದಿಟ್ಟಿದ್ದೇವೆ: ಒಂದು ಗಿಳಿಹಸಿರು ಮೈಸೂರು ಸಿಲ್ಕ್, ಇನ್ನೊಂದು ಕೆಂಪು ಅಂಚಿನ ಅರಿಶಿನ ಬಣ್ಣದ್ದು. ಡೆಕೊರೇಷನ್‌ನವರು ಹಿಂದಿನ ಪರದೆಗೆ ಹಸಿರೆಲೆ ಹಾಕಲೇ ಅಂತ ಕೇಳುತ್ತಿದ್ದಾರೆ. ಬೀಗರ ಮಾತಿಗೆ ಚ್ಯುತಿ ಬರಬಾರದು, ತಂಗಿಯೂ ಚೆನ್ನಾಗಿ ಕಾಣಬೇಕು. ಆ ಮಾತಿನ ಅರ್ಥ ಯಾವುದು?

ಉತ್ತರ – ಧಾರವಾಡದಿಂದ

ಕುಬಸ ಅಂದರೆ ಕುಪ್ಪಸ, ರವಿಕೆ. ಅಷ್ಟೇ. ಕಾರ್ಯಕ್ಕೆ ಸರಿಯಾದ ಹೆಸರು ಸೀಮಂತ, ಅಂದರೆ ಬೈತಲೆ ತೆಗೆಯುವ ಸಂಸ್ಕಾರ. ಕಾರ್ಯವನ್ನೇ ಕುಬಸ ಅನ್ನುವುದು ಸಡಿಲ ಮಾತು. ಹಾಗಾಗಿ ನಿಮ್ಮ ಅತ್ತಿಗೆ ಹೇಳಿದ್ದೇ ಸರಿ.

ಉತ್ತರ – ಇಳಕಲ್‌ನಿಂದ

ಅತ್ತಿಗೆ ಹೇಳಿದ್ದು ಸರಿ, ಆದರೆ ಧಾರವಾಡದವರು ಕೊಟ್ಟ ಕಾರಣ ಅರ್ಧ ಮಾತ್ರ. ನಮ್ಮ ಕಡೆ “ಸೊಸಿ ಕುಬಸ ಐತಿ, ಬರ್ರಿ” ಅಂತ ಕರೆದರೆ ಯಾರೂ ಬಟ್ಟೆ ನೋಡಲಿಕ್ಕೆ ಹೋಗುವುದಿಲ್ಲ, ಉಡಿ ತುಂಬಲಿಕ್ಕೇ ಹೋಗುತ್ತಾರೆ. ಬಸುರಿಗೆ ತವರಿನವರು ಹೊಸ ಕುಬಸ ತಂದು ತೊಡಿಸುವುದೇ ಆ ದಿನದ ಮುಖ್ಯ ಕೆಲಸವಾದ್ದರಿಂದ ಬಟ್ಟೆಯ ಹೆಸರು ಕಾರ್ಯಕ್ಕೂ ನಿಂತಿದೆ. ಅದನ್ನು ಸಡಿಲ ಮಾತು ಅನ್ನಬೇಡಿ. ನಮ್ಮ ತಾಯಂದಿರು ಆಡಿದ ಮಾತು ಅದು.

ಹಾಗಾದರೆ ಇಲ್ಲಿ ಯಾವ ಅರ್ಥ? ಬೀಗತಿಯವರ ಎರಡನೆಯ ವಾಕ್ಯವೇ ಹೇಳುತ್ತದೆ. ಸೀರೆ ಬೇರೆ ಬಣ್ಣದ್ದಾಗಬಹುದು ಅಂದಮೇಲೆ ‘ಹಸರ’ ಅನ್ನುವುದು ಕಾರ್ಯಕ್ಕೆ ಹತ್ತುವುದಿಲ್ಲ, ಮೈಮೇಲಿನ ಕುಬಸಕ್ಕೇ ಹತ್ತುತ್ತದೆ. ಅದೂ ಯಾವುದೋ ಹಸಿರು ಬಟ್ಟೆಯಲ್ಲ, ಅವರ ಮನಸ್ಸಿನಲ್ಲಿ ಇರುವುದು ಬಹುತೇಕ ಹಸಿರು ಖಣ. ರವಿಕೆಗೆಂದೇ ನೇಯುವ ಈ ಖಣಕ್ಕೆ ಹೆಸರಾದ ಗುಳೇದಗುಡ್ಡ ಅವರ ಜಿಲ್ಲೆಯದೇ. ಖಣದ ಮೈಯಲ್ಲಿ ಸಣ್ಣ ಬುಟ್ಟಿ ಇರುತ್ತದೆ, ಅಂಚು ಬೇರೆ ಬಣ್ಣದ್ದು, ಹಸಿರಿಗೆ ಸಾಮಾನ್ಯವಾಗಿ ಕೆಂಪು. ಆ ಅಂಚು ತೋಳಿನ ಕೊನೆಗೆ ಬರುವ ಹಾಗೆ ಹೊಲಿಸಿ. ಸಾದಾ ಹಸಿರು ಬ್ಲೌಸ್ ಪೀಸ್ ಕೊಂಡೊಯ್ದರೆ ಯಾರೂ ಏನೂ ಅನ್ನಲಿಕ್ಕಿಲ್ಲ, ಆದರೆ ಖಣ ಕಂಡರೆ ಆ ಮನೆಯ ಹಿರಿಯರ ಮುಖ ಅರಳುತ್ತದೆ.

ಬಳೆ ಹೇಗೂ ಹಸಿರು ಗಾಜಿನವೇ. ಹಾಗಾಗಿ ಹಸಿರು ತೋಳಿನಿಂದ ಕೈವರೆಗೆ ತಾನಾಗಿ ಬಂದಾಯಿತು. ಸೀರೆ ಅರಿಶಿನದ್ದು ಉಡಿಸಿ. ಖಣದ ಅಂಚಿನ ಕೆಂಪೂ ಸೀರೆಯ ಅಂಚಿನ ಕೆಂಪೂ ಪೂರ್ತಿ ಒಂದೇ ಆಗದಿದ್ದರೆ ಚಿಂತೆಯಿಲ್ಲ, ಒಂದು ಕುಂಕುಮದ ಕೆಂಪು, ಇನ್ನೊಂದು ರಾಣಿ ಬಣ್ಣ ಆಗಬಾರದು ಅಷ್ಟೇ. ಅವೆರಡು ಒಂದರ ಪಕ್ಕ ಒಂದು ಬಂದರೆ ಜಗಳ ಆಡುತ್ತವೆ.

ಉತ್ತರ – ದಾವಣಗೆರೆಯಿಂದ

ಗಂಡಾದರೆ ನೀಲಿ, ಹೆಣ್ಣಾದರೆ ಗುಲಾಬಿ ಅಂತ ಇತ್ತೀಚೆಗೆ ಮಾಡುತ್ತಾರಲ್ಲ, ಮಂಟಪವನ್ನು ಅರ್ಧ ಅರ್ಧ ಮಾಡಿಸಿ. ನಮ್ಮ ಮೊಮ್ಮಗನ ತೊಟ್ಟಿಲಿಗೆ ನೀಲಿ ಕಟ್ಟಿದ್ದೆವು, ಬಹಳ ಚೆನ್ನಾಗಿತ್ತು.

ಮತ್ತೆ ಮೈಸೂರಿನಿಂದ

ಸರ್, ನಾನು ಕೇಳಿದ್ದು ಕುಬಸದ ಬಣ್ಣ, ತೊಟ್ಟಿಲಿನದ್ದು ಮುಂದಿನ ಮಾತು. ಇಳಕಲ್‌ನ ಅಕ್ಕನವರಿಗೆ ಧನ್ಯವಾದ. ಆದರೆ ಅಮ್ಮನಿಗೆ ಗಿಳಿಹಸಿರು ಸೀರೆಯ ಮೇಲೇ ಮನಸ್ಸು. ಹಸಿರು ಸೀರೆ, ಹಸಿರು ಖಣ ಎರಡೂ ಇದ್ದರೆ ಏನು ತೊಂದರೆ?

ಉತ್ತರ – ಶಿವಮೊಗ್ಗದಿಂದ

ಶಾಸ್ತ್ರಕ್ಕೆ ತೊಂದರೆ ಇಲ್ಲ, ಕಣ್ಣಿಗೆ ಇದೆ. ಇಂಥ ಕಾರ್ಯಗಳ ಫೋಟೋ ತೆಗೆಯುವುದೇ ನನ್ನ ಕೆಲಸ, ಆದ್ದರಿಂದ ಹೇಳುತ್ತೇನೆ. ಹಸಿರು ಸೀರೆ, ಹಸಿರು ರವಿಕೆ, ಹಸಿರು ಬಳೆ, ಹಿಂದೆ ಹಸಿರೆಲೆ ಅಂದರೆ ಬಳೆ ತೊಡಿಸುವ ಗಳಿಗೆಯಲ್ಲೇ ಬಳೆ ಕಾಣುವುದಿಲ್ಲ. ಕೈ ಮಡಿಲ ಮೇಲೆ ಇರುತ್ತದೆ, ಮಡಿಲಲ್ಲಿ ಹಸಿರು ಸೀರೆ, ಅದರೊಳಗೆ ಗಾಜಿನ ಹಸಿರು ಕರಗಿ ಹೋಗುತ್ತದೆ. ಅರಿಶಿನದ ಸೀರೆಯ ಮೇಲಾದರೆ ಒಂದೊಂದು ಬಳೆಯನ್ನೂ ಎಣಿಸಬಹುದು.

ದೀಪವನ್ನೂ ನೋಡಿ. ಸಭಾಂಗಣದ ಹಳದಿ ಬೆಳಕಿನಲ್ಲಿ ಗಿಳಿಹಸಿರು ಇನ್ನಷ್ಟು ಹಳದಿಗೆ ತಿರುಗುತ್ತದೆ, ಬಾಟಲಿ ಹಸಿರು ಕಪ್ಪಿನ ಕಡೆ ಹೋಗುತ್ತದೆ. ಕರಿಯದು ಬೇಡ ಅಂದಿದ್ದಾರೆ, ಆದ್ದರಿಂದ ಖಣ ತೆಗೆಯುವಾಗ ಆ ಗಾಢ ಹಸಿರು ಬಿಟ್ಟು ಎಲೆಹಸಿರಿಗೆ ಹೋಗುವುದು ಕ್ಷೇಮ. ಇನ್ನೊಂದು, ದೊಡ್ಡ ಹಸಿರು ಪರದೆಗೆ ಒತ್ತಿ ಕುರ್ಚಿ ಹಾಕಿದರೆ ಆ ಹಸಿರು ಕೆನ್ನೆ, ಕುತ್ತಿಗೆಯ ಮೇಲೆ ಬೀಳುತ್ತದೆ. ಬಸುರಿಯ ಮುಖ ಬಾಡಿದ ಹಾಗೆ ಕಾಣುತ್ತದೆ. ಕುರ್ಚಿಯನ್ನು ನಾಲ್ಕೈದು ಅಡಿ ಮುಂದೆ ಎಳೆದರೆ ಬಹಳ ಮಟ್ಟಿಗೆ ಕಡಿಮೆಯಾಗುತ್ತದೆ.

ನಿಮ್ಮ ಅಮ್ಮನವರಿಗೆ ಮಾತಿನಲ್ಲಿ ಒಪ್ಪಿಸುವ ಬದಲು ಹೀಗೆ ಮಾಡಿ. ಸಂಜೆ ಮನೆಯ ಹಳದಿ ದೀಪದ ಕೆಳಗೆ ಎರಡೂ ಸೀರೆ ಮಡಿಸಿ ಹಾಸಿ, ಮೇಲೆ ಖಣ ಇಟ್ಟು, ಅದರ ಮೇಲೆ ಬಳೆ ಇಟ್ಟು ಫೋನಿನಲ್ಲಿ ಫೋಟೋ ತೆಗೆಯಿರಿ. ಮೊದಲು ಬಣ್ಣದಲ್ಲಿ ನೋಡಿ, ಆಮೇಲೆ ಅದನ್ನೇ ಕಪ್ಪು-ಬಿಳುಪು ಮಾಡಿ. ಆ ಬೂದು ಬಣ್ಣದಲ್ಲಿ ಬಳೆ, ಖಣ, ಸೀರೆ ಮೂರೂ ಒಂದೇ ಆಗಿ ಕಂಡರೆ ದೂರದಲ್ಲಿ ಕೂತವರಿಗೂ ಹಾಗೇ ಕಾಣುತ್ತದೆ ಅಂತ ತಿಳಿಯಿರಿ.

ಅಮ್ಮ ಹಸಿರು ಸೀರೆಯನ್ನೇ ಹಿಡಿದರೆ ಪರದೆಯಿಂದ ಹಸಿರು ತೆಗೆಸಿ. ತೆಳು ಕೆನೆಬಣ್ಣದ ಬಟ್ಟೆ, ಮೇಲಿನಿಂದ ಕಿತ್ತಳೆ ಚೆಂಡುಹೂವಿನ ಮಾಲೆ ಸಾಕು. ಮಾವಿನ ತೋರಣ ಬಾಗಿಲಿಗೆ ಇರಲಿ, ಬಾಳೆಕಂದು ಎರಡೂ ಪಕ್ಕಕ್ಕೆ ಸರಿಯಲಿ.

ಉತ್ತರ – ಬೆಂಗಳೂರಿನಿಂದ

‘ಕರೇದೊಂದು ಬ್ಯಾಡ’ ಅನ್ನುವುದರ ಬಗ್ಗೆ ಒಂದು ಮಾತು. ನಮ್ಮದು ತಮಿಳು ಅಯ್ಯರ್ ಮನೆತನ. ನಮ್ಮ ವಳೈಕಾಪ್ಪಿಗೆ ಬಸುರಿಗೆ ಉಡಿಸುವುದೇ ಕಪ್ಪು ಸೀರೆ, ಕೆಂಪು ಅಂಚಿನದು. ದೃಷ್ಟಿ ತಾಗದಿರಲಿ ಅಂತ ಅನ್ನುತ್ತಾರೆ. ನನಗೂ ಅದನ್ನೇ ಉಡಿಸಿದ್ದರು. ಹಾಗಾಗಿ ಕಪ್ಪು ಎಲ್ಲ ಕಡೆ ಅಶುಭ ಅಂತ ಯಾರೂ ಬರೆಯಬೇಡಿ.

ಉತ್ತರ – ಇಳಕಲ್‌ನಿಂದ

ನಿಜ. ನಮ್ಮಲ್ಲೂ ಚಂದ್ರಕಾಳಿ ಸೀರೆ ಅಂದರೆ ಕಪ್ಪೇ, ಅದನ್ನು ಆಸೆಪಟ್ಟು ಉಡುವವರಿದ್ದಾರೆ. ಒಂದೊಂದು ಮನೆಯ ನಡೆ ಒಂದೊಂದು. ಆದರೆ ಈ ಮನೆಯವರು ಬಾಯಿಬಿಟ್ಟು ಬ್ಯಾಡ ಅಂದಿದ್ದಾರೆ, ಅಲ್ಲಿಗೆ ಮುಗಿಯಿತು. ಶಿವಮೊಗ್ಗದವರು ಹೇಳಿದ ಹಾಗೆ ಗಾಢ ಹಸಿರೂ ಬಿಡಿ.

ಮತ್ತೆ ಮೈಸೂರಿನಿಂದ

ಫೋಟೋ ತೆಗೆದು ಅಮ್ಮನಿಗೆ ತೋರಿಸಿದೆ. ಗಿಳಿಹಸಿರಿನ ಮೇಲೆ ಬಳೆ ಹುಡುಕಬೇಕಾಯಿತು, ಅವರೇ ಅರಿಶಿನದ ಸೀರೆ ಮುಂದಿಟ್ಟರು. ಎಲೆಹಸಿರು ಖಣಕ್ಕೆ ಹೇಳಿದ್ದೇವೆ, ಪರದೆ ಕೆನೆಬಣ್ಣದ್ದು. ಗಿಳಿಹಸಿರು ಸೀರೆಯನ್ನು ಉಡಿಯಲ್ಲಿ ಇಟ್ಟು ಕೊಡುತ್ತೇವೆ.

ಒಂದು ಉಳಿಯಿತು. ಅಂಗಡಿಯವರು ನವಿಲುಕಂಠದ ಬಣ್ಣದ ಖಣವನ್ನೂ ತೋರಿಸಿ “ಇದೂ ಹಸಿರೇ” ಅಂದರು. ಒಂದು ಕಡೆಯಿಂದ ಹಸಿರು, ಇನ್ನೊಂದು ಕಡೆಯಿಂದ ನೀಲಿ. ಬಾಗಲಕೋಟೆ ಕಡೆ ಹಿರಿಯರ ಮಾತಿನಲ್ಲಿ ಅದು ‘ಹಸರ’ದಲ್ಲಿ ಸೇರುತ್ತದೆಯೇ?

ಉತ್ತರ – ಧಾರವಾಡದಿಂದ

ಸೇರುತ್ತದೆ. ಎಳೆಯಲ್ಲಿ ಹಸಿರು ಇದ್ದರೆ ಸಾಕು.

ಉತ್ತರ – ಇಳಕಲ್‌ನಿಂದ

ನಮ್ಮ ಮನೆಯಲ್ಲಿ ಸೇರುವುದಿಲ್ಲ, ಅದನ್ನು ನೀಲಿಯ ಕಡೆಗೇ ಹಾಕುತ್ತೇವೆ. ಬೀಗತಿಯವರನ್ನೇ ಕೇಳಿಬಿಡಿ.