‘ಸೈನ್ ಇನ್ ಮಾಡಿ’ ಎನ್ನುವುದಕ್ಕೆ ಎಷ್ಟು ಕಾರಣ?

ಕೇಳಿದವರು: ಹಳೆ ಪೆಟ್ಟಿಗೆ

ಟಿವಿಗೆ ಜೋಡಿಸಿರುವ ಸಣ್ಣ ಕಂಪ್ಯೂಟರಿನಲ್ಲಿ, ಯೂಟ್ಯೂಬ್‌ನ ಸ್ವಂತದ್ದಲ್ಲದ ಬೇರೊಂದು ಆ್ಯಪ್ ಮೂಲಕ ವಿಡಿಯೊ ನೋಡುತ್ತೇನೆ. ಈಚೆಗೆ ಕೆಲವು ವಿಡಿಯೊಗಳಿಗೆ “Sign in to confirm you’re not a bot” ಎಂದೂ ಇನ್ನು ಕೆಲವಕ್ಕೆ “The following content is not available on this app” ಎಂದೂ ಬರುತ್ತಿದೆ. ಅವೇ ವಿಡಿಯೊಗಳು ನನ್ನ ಫೋನಿನಲ್ಲಿ ಸರಾಗವಾಗಿ ಓಡುತ್ತವೆ. ನನ್ನ ಖಾತೆಗೆ ಏನಾದರೂ ಆಗಿದೆಯೇ? ಇಂಥದ್ದನ್ನು ಎದುರಿಸಿದವರು ದಯವಿಟ್ಟು ತಿಳಿಸಿ.

ಇರುಳುಹಕ್ಕಿ

ನನಗೂ ಹೀಗೆಯೇ ಆಗಿತ್ತು. ಆ್ಯಪ್ ಹಳತಾಗಿತ್ತು, ಅಷ್ಟೇ. ಸಂಗ್ರಹವಾಗಿದ್ದ ಕ್ಯಾಶೆಯನ್ನೆಲ್ಲ ಅಳಿಸಿ, ಹೊಸ ಆವೃತ್ತಿಯನ್ನು ಹಾಕಿಕೊಂಡು ಮತ್ತೆ ತೆರೆದಾಗ ಎಲ್ಲವೂ ಓಡಿದವು. ಎರಡು ಸಂದೇಶಗಳೂ ಒಂದೇ ಕಾಯಿಲೆಯ ಎರಡು ಲಕ್ಷಣಗಳು ಎಂದು ನನಗನ್ನಿಸುತ್ತದೆ, ಆದ್ದರಿಂದ ತಲೆ ಕೆಡಿಸಿಕೊಳ್ಳದೆ ಆ್ಯಪನ್ನು ನವೀಕರಿಸಿ.

ತಂತಿಮಾತು

ನವೀಕರಿಸಿ ಎಂದು ಇರುಳುಹಕ್ಕಿಯವರು ಹೇಳಿದ್ದು ಎರಡನೆಯ ಸಂದೇಶದ ಮಟ್ಟಿಗೆ ಬಹುಪಾಲು ಸರಿ. ಮೊದಲನೆಯದಕ್ಕೆ ಆ ಮದ್ದು ಸಾಮಾನ್ಯವಾಗಿ ನಾಟುವುದಿಲ್ಲ, ಏಕೆಂದರೆ ಇವೆರಡೂ ಬೇರೆ ಬೇರೆ ಅನುಮಾನಗಳಿಂದ ಹುಟ್ಟಿದವು. ಕ್ಯಾಶೆಯಂತೂ ಎರಡಕ್ಕೂ ಸಂಬಂಧವಿಲ್ಲದ್ದು. ಅವರು ಎರಡು ಕೆಲಸಗಳನ್ನು ಒಟ್ಟಿಗೇ ಮಾಡಿದ್ದರಿಂದ ಯಶಸ್ಸಿನ ಪಾಲು ಕ್ಯಾಶೆಗೂ ಸಿಕ್ಕಿದೆ.

ನೀವು ವಿಡಿಯೊವನ್ನು ಒತ್ತಿದಾಗ ಆ್ಯಪ್ ಒಂದು ಕೋರಿಕೆಯನ್ನು ಕಳುಹಿಸುತ್ತದೆ. ಆ ಕೋರಿಕೆ ಯಾವ ಐಪಿ ವಿಳಾಸದಿಂದ ಬಂತು, ಅದರೊಂದಿಗೆ ಖಾತೆಯ ಗುರುತು ಇದೆಯೇ ಇಲ್ಲವೇ, ತನ್ನನ್ನು ಯಾವ ಆ್ಯಪ್, ಯಾವ ಆವೃತ್ತಿ ಎಂದು ಅದು ಹೇಳಿಕೊಳ್ಳುತ್ತಿದೆ ಎಂಬುದನ್ನು ಸರ್ವರ್ ನೋಡಿ, ವಿಡಿಯೊ ಕೊಡಬೇಕೇ ಬೇಡವೇ ಎಂದು ನಿರ್ಧರಿಸುತ್ತದೆ. “not a bot” ಎಂಬ ಸಂದೇಶ ಬಹುತೇಕ ವಿಳಾಸದ ಮೇಲಿನ ಅನುಮಾನ. ಅದೇ ವಿಳಾಸದಿಂದ ಖಾತೆಯಿಲ್ಲದ ಕೋರಿಕೆಗಳು ವಿಪರೀತ ಬಂದಿವೆ, ಅಥವಾ ಅದು ಮನೆಯ ಸಂಪರ್ಕದಂತೆ ಕಾಣದೆ ಡೇಟಾ ಸೆಂಟರಿನ ವಿಳಾಸದಂತೆ ಕಾಣುತ್ತಿದೆ ಎಂದರ್ಥ. “not available on this app” ಎಂಬುದು ಆ್ಯಪಿನ ಮೇಲಿನ ಆಕ್ಷೇಪ. ಅದರ ಮುಂದಿನ ಸಾಲಿನಲ್ಲಿ ಯೂಟ್ಯೂಬ್‌ನ ಇತ್ತೀಚಿನ ಆವೃತ್ತಿಯಲ್ಲಿ ನೋಡಿ ಎಂದೂ ಇರುತ್ತದೆ, ಗಮನಿಸಿ. ಜಾಹೀರಾತುಗಳನ್ನು ತಡೆಯುವ ಹೊರಗಿನ ಆ್ಯಪ್‌ಗಳ ಮೇಲೆ ಕ್ರಮ ಬಿಗಿಗೊಳಿಸುವುದಾಗಿಯೂ, ಅವುಗಳ ಬಳಕೆದಾರರಿಗೆ ವಿಡಿಯೊ ತಡೆತಡೆದು ಓಡುವುದು ಇಲ್ಲವೇ ಈ ಸಂದೇಶ ಕಾಣಿಸಬಹುದೆಂದೂ 2024ರ ಏಪ್ರಿಲ್‌ನಲ್ಲಿ ಯೂಟ್ಯೂಬ್ ಪ್ರಕಟಿಸಿತ್ತು. ಆದರೆ ಜಾಹೀರಾತಿನ ಗೊಡವೆಗೇ ಹೋಗದ ಆ್ಯಪ್ ಕೂಡ ಹಳೆಯ ಗುರುತನ್ನೇ ಹೇಳಿಕೊಳ್ಳುತ್ತಿದ್ದರೆ ಇದೇ ಸಂದೇಶಕ್ಕೆ ಸಿಕ್ಕಿಬೀಳಬಹುದು, ಹಾಗಾಗಿ ಸಂದೇಶ ಕಂಡ ಕೂಡಲೇ ನಿಮ್ಮ ಆ್ಯಪ್ ತಪ್ಪು ಮಾಡುತ್ತಿದೆಯೆಂದು ತೀರ್ಮಾನಿಸಬೇಕಾಗಿಲ್ಲ.

ಇನ್ನು ಫೋನಿನ ಮಾತು. ಫೋನಿನಲ್ಲಿ ಓಡುತ್ತದೆ ಎಂಬುದರಿಂದ ವಿಡಿಯೊ ತಾಣದಲ್ಲಿ ಇದೆ ಎಂಬುದಷ್ಟೇ ಸಾಬೀತಾಗುತ್ತದೆ. ಫೋನಿನಲ್ಲಿ ನೀವು ಸೈನ್ ಇನ್ ಆಗಿರುತ್ತೀರಿ, ಅಧಿಕೃತ ಆ್ಯಪ್ ಬಳಸುತ್ತೀರಿ, ಬಹುಶಃ ಮೊಬೈಲ್ ಡೇಟಾದಲ್ಲಿರುತ್ತೀರಿ. ಮೂರೂ ಒಟ್ಟಿಗೆ ಬದಲಾದ ಮೇಲೆ ಯಾವುದರಿಂದ ಗುಣ ಸಿಕ್ಕಿತೆಂದು ಹೇಳುವುದು ಹೇಗೆ? ಆದ್ದರಿಂದ ಒಂದೊಂದನ್ನೇ ಬದಲಿಸಿ. ಮೊದಲು ಅದೇ ಸಣ್ಣ ಕಂಪ್ಯೂಟರನ್ನು, ಅದೇ ಆ್ಯಪಿನೊಂದಿಗೆ, ಫೋನಿನ ಹಾಟ್‌ಸ್ಪಾಟ್‌ಗೆ ಜೋಡಿಸಿ ನೋಡಿ. ಆಮೇಲೆ ಮನೆಯ ವೈಫೈಗೆ ಮರಳಿ, ಅದೇ ಯಂತ್ರದ ಬ್ರೌಸರಿನಲ್ಲಿ, ಸೈನ್ ಇನ್ ಆಗದ ಇನ್‌ಕಾಗ್ನಿಟೊ ಕಿಟಕಿಯಲ್ಲಿ ಅದೇ ವಿಡಿಯೊ ತೆರೆಯಿರಿ. ಮೊದಲ ಪರೀಕ್ಷೆ ವಿಳಾಸವನ್ನು ಮಾತ್ರ ಬದಲಿಸುತ್ತದೆ, ಎರಡನೆಯದು ಆ್ಯಪನ್ನು ಮಾತ್ರ.

ಬ್ರೌಸರಿನಲ್ಲಿರುವಾಗ ಇನ್ನೊಂದು ಕೆಲಸ ಮಾಡಬಹುದು. F12 ಒತ್ತಿ, Console ಎಂಬಲ್ಲಿಗೆ ಹೋಗಿ, ಇದನ್ನು ಟೈಪ್ ಮಾಡಿ:

```
ytInitialPlayerResponse.playabilityStatus
```

ತಡೆ ಬಿದ್ದಿರುವ ವಿಡಿಯೊ ಆಗಿದ್ದರೆ ಉತ್ತರ ಹೆಚ್ಚುಕಡಿಮೆ ಹೀಗಿರುತ್ತದೆ:

```
status: "LOGIN_REQUIRED"
reason: "Sign in to confirm you’re not a bot"
```

ಜನರು ಮೋಸಹೋಗುವುದು ಇಲ್ಲಿಯೇ. ಮಾಲೀಕರು ಖಾಸಗಿಯಾಗಿಟ್ಟ ವಿಡಿಯೊ ಆದರೂ, ವಯಸ್ಸು ಖಚಿತಪಡಿಸಬೇಕಾದ ವಿಡಿಯೊ ಆದರೂ, ಬಾಟ್ ಎಂಬ ಅನುಮಾನವಾದರೂ ಇದೇ `LOGIN_REQUIRED` ಬರಬಹುದು. ಕೆಲವು ಆ್ಯಪ್‌ಗಳು `reason` ಎಂಬ ಸಾಲನ್ನು ನುಂಗಿಕೊಂಡು ‘ಸೈನ್ ಇನ್ ಅಗತ್ಯ’ ಎಂದಷ್ಟೇ ತೋರಿಸುತ್ತವೆ, ಆಗ ಮೂರು ಕಾರಣಗಳೂ ಒಂದೇ ಮುಖ ಹೊತ್ತು ಬರುತ್ತವೆ. ಪುಟದೊಳಗೇ ಒಂದು ವಿಡಿಯೊದಿಂದ ಇನ್ನೊಂದಕ್ಕೆ ಹೋಗಿದ್ದರೆ ಈ ಆಜ್ಞೆ ಹಿಂದಿನ ವಿಡಿಯೊದ ಉತ್ತರವನ್ನೇ ಕೊಡುತ್ತದೆ, ಆದ್ದರಿಂದ ಪುಟವನ್ನು ಮೊದಲು ರೀಲೋಡ್ ಮಾಡಿ. ನಾನು ಒಮ್ಮೆ ಇದನ್ನು ಮರೆತು, ಚೆನ್ನಾಗಿ ಓಡುತ್ತಿದ್ದ ವಿಡಿಯೊಗೆ ಯಾಕೆ ತಡೆ ಎಂದು ಅರ್ಧ ಸಂಜೆ ಯೋಚಿಸುತ್ತ ಕುಳಿತಿದ್ದೆ.

ಅಂಗಳ

ನನ್ನದೂ ಇದೇ ಸಮಸ್ಯೆ. ನನ್ನ ಸ್ವಂತ ಜಾಲತಾಣದ ಪುಟದಲ್ಲಿ ಅಳವಡಿಸಿರುವ ವಿಡಿಯೊಗಳೆಲ್ಲ ಓಡುವುದನ್ನು ನಿಲ್ಲಿಸಿ “Error 153” ಎನ್ನುತ್ತಿವೆ. ನಾನು ಸೈನ್ ಇನ್ ಆಗಿಯೂ ನೋಡಿದೆ, ಹಾಟ್‌ಸ್ಪಾಟ್ ಕೂಡ ಬದಲಿಸಿದೆ. ಏನೂ ಪ್ರಯೋಜನವಾಗಲಿಲ್ಲ.

ತಂತಿಮಾತು

ಅಂಗಳ ಅವರೇ, ನಿಮ್ಮದು ಬೇರೆಯ ಜಾತಿಯದು. ಯಾವ ಪುಟದಿಂದ ಈ ಕೋರಿಕೆ ಬಂತು ಎಂಬುದನ್ನು ಬ್ರೌಸರ್ `Referer` ಎಂಬ ಹೆಡರಿನಲ್ಲಿ ತಿಳಿಸಬೇಕು. ಅದು ತಲುಪದಿದ್ದಾಗ 153 ಬರುತ್ತದೆ. ನೋಡುವವರು ಸೈನ್ ಇನ್ ಆದರೂ ಬಿಟ್ಟರೂ ಅದಕ್ಕೆ ಲೆಕ್ಕವಿಲ್ಲ. ನಿಮ್ಮ ಪುಟದಲ್ಲಿ `no-referrer` ಎಂಬ ನೀತಿಯನ್ನು ಯಾರಾದರೂ ಹಾಕಿದ್ದಾರೆಯೇ ನೋಡಿ, ಇದ್ದರೆ ಅದನ್ನು `strict-origin-when-cross-origin` ಎಂದು ಬದಲಿಸಿ. ಪುಟವನ್ನು ಸರ್ವರಿನಿಂದಲ್ಲದೆ ನಿಮ್ಮ ಕಂಪ್ಯೂಟರಿನ ಫೈಲಾಗಿ ನೇರವಾಗಿ ತೆರೆದಿದ್ದರೂ ಹೀಗಾಗುತ್ತದೆ. 101 ಅಥವಾ 150 ಎಂಬ ಸಂಖ್ಯೆ ಬಂದಿದ್ದರೆ ಮಾತ್ರ ಅದು ಮಾಲೀಕರು ಹೊರಗಿನ ಪುಟಗಳಲ್ಲಿ ಓಡಿಸಲು ಒಪ್ಪಿಲ್ಲ ಎಂಬ ಸೂಚನೆ, ಅದಕ್ಕೆ ನಿಮ್ಮ ಕಡೆಯಿಂದ ಮಾಡಬಹುದಾದದ್ದು ಏನೂ ಇಲ್ಲ.

ಹಳೆ ಪೆಟ್ಟಿಗೆ

ತಂತಿಮಾತು ಅವರು ಹೇಳಿದಂತೆ ಒಂದೊಂದನ್ನೇ ಬದಲಿಸಿ ನೋಡಿದೆ. ತೊಂದರೆ ಕೊಡುತ್ತಿದ್ದ ಹನ್ನೊಂದು ವಿಡಿಯೊಗಳನ್ನು ಬರೆದಿಟ್ಟುಕೊಂಡಿದ್ದೆ. ಆರಕ್ಕೆ ಬಾಟ್ ಸಂದೇಶ, ಐದಕ್ಕೆ ಆ್ಯಪ್ ಸಂದೇಶ ಬರುತ್ತಿತ್ತು.

ಹಾಟ್‌ಸ್ಪಾಟ್‌ಗೆ ಜೋಡಿಸಿದ ಕೂಡಲೇ ಆ ಆರೂ ಓಡಿದವು. ಮನೆಯ ವೈಫೈಗೆ ಮರಳಿದರೆ ಮತ್ತೆ ಅದೇ ತಡೆ. ಆಗ ನೆನಪಾಯಿತು: ಕೆಲವು ದಿನಗಳ ಹಿಂದೆ ಬೇರೊಂದು ಕೆಲಸಕ್ಕಾಗಿ ರೌಟರಿನಲ್ಲಿಯೇ ವಿಪಿಎನ್ ಹಾಕಿ, ತೆಗೆಯುವುದನ್ನು ಮರೆತುಬಿಟ್ಟಿದ್ದೆ. ಫೋನು ಮೊಬೈಲ್ ಡೇಟಾದಲ್ಲಿದ್ದುದರಿಂದ ಅದಕ್ಕೆ ಇದರ ಬಿಸಿ ತಟ್ಟಿರಲಿಲ್ಲ. ವಿಪಿಎನ್ ತೆಗೆದ ಮೇಲೆ ಆರೂ ವಿಡಿಯೊಗಳು ವೈಫೈನಲ್ಲಿಯೇ ಓಡುತ್ತಿವೆ.

ಉಳಿದ ಐದಕ್ಕೆ ಹಾಟ್‌ಸ್ಪಾಟ್‌ನಿಂದ ಯಾವ ವ್ಯತ್ಯಾಸವೂ ಆಗಲಿಲ್ಲ. ಇರುಳುಹಕ್ಕಿಯವರ ಸಲಹೆಯಂತೆ ಆ್ಯಪನ್ನು ನವೀಕರಿಸಿದಾಗ ಮೂರು ಸರಿಹೋದವು. ಇನ್ನೆರಡರ ಪೈಕಿ ಒಂದನ್ನು ಇನ್‌ಕಾಗ್ನಿಟೊದಲ್ಲಿ ತೆರೆದರೆ ಬಂದದ್ದು “Sign in to confirm your age”. ಅಂದರೆ ಅದು ಮೊದಲಿನಿಂದಲೂ ವಯಸ್ಸಿನ ನಿರ್ಬಂಧವಿದ್ದ ವಿಡಿಯೊ, ಆ್ಯಪ್ ಅದನ್ನು ಬೇರೆ ಮಾತಿನಲ್ಲಿ ಹೇಳುತ್ತಿತ್ತು. ಇನ್ನೊಂದು ಬ್ರೌಸರಿನಲ್ಲಿ ಸೈನ್ ಇನ್ ಇಲ್ಲದೆಯೂ ಓಡುತ್ತದೆ, ಆ್ಯಪಿನಲ್ಲಿ ಮಾತ್ರ ಈಗಲೂ ಇಲ್ಲ.

ಮಳೆಗಾಲ

ನನ್ನ ಬಳಿ ವಿಪಿಎನ್ ಇಲ್ಲವೇ ಇಲ್ಲ, ಆದರೂ ಬಾಟ್ ಸಂದೇಶ ಬರುತ್ತಿತ್ತು. ಸಂಪರ್ಕ ಕೊಡುವವರನ್ನು ಕೇಳಿದಾಗ ಹಲವು ಮನೆಗಳಿಗೆ ಒಂದೇ ಹೊರವಿಳಾಸ ಹಂಚಿರುವುದು ಗೊತ್ತಾಯಿತು. ಅಕ್ಕಪಕ್ಕದಲ್ಲಿ ಯಾರೋ ರಾತ್ರಿಯಿಡೀ ಡೌನ್‌ಲೋಡ್ ಮಾಡಿದರೆ ಅನುಮಾನ ನಮ್ಮೆಲ್ಲರ ಮೇಲೂ ಬರುತ್ತದೆ. ಒಂದು ಗಂಟೆ ಕಾದರೆ ತಾನಾಗಿಯೇ ಸರಿಹೋಗುತ್ತದೆ ಎಂದು ಒಬ್ಬರು ಹೇಳಿದ್ದರು, ನನಗೆ ಎರಡು ದಿನ ಬೇಕಾಯಿತು. ಕೊನೆಗೆ ಬ್ರೌಸರಿನ ಕುಕಿಗಳನ್ನು ಆ್ಯಪಿಗೆ ಕೊಟ್ಟು, ನನ್ನ ಖಾತೆಯ ಹೆಸರಿನಲ್ಲಿಯೇ ನೋಡಲು ಶುರುಮಾಡಿದೆ. ಅಲ್ಲಿಂದ ಈಚೆಗೆ ಒಮ್ಮೆಯೂ ತಡೆ ಬಂದಿಲ್ಲ.

ತಂತಿಮಾತು

ಮಳೆಗಾಲ ಅವರೇ, ಹಂಚಿಕೆಯ ವಿಳಾಸದ ಬಗ್ಗೆ ನೀವು ಹೇಳಿದ್ದು ನಿಜ, ಆ ಸಂಗತಿಯನ್ನು ನಾನೇ ಹೇಳಬೇಕಿತ್ತು. ಕುಕಿಗಳ ವಿಷಯದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ. ತಡೆ ಹೋಗುತ್ತದೆ, ಸಂಶಯವಿಲ್ಲ, ಏಕೆಂದರೆ ಕೋರಿಕೆಗೆ ಖಾತೆಯ ಗುರುತು ಸಿಕ್ಕಿತು. ಆದರೆ ಇಲ್ಲಿಯವರೆಗೆ ಅನುಮಾನ ಒಂದು ವಿಳಾಸದ ಮೇಲಿತ್ತು, ಇನ್ನು ಮುಂದೆ ಅದು ನಿಮ್ಮ ಖಾತೆಯ ಮೇಲೆ ಬೀಳುತ್ತದೆ. yt-dlp ಎಂಬ ಉಪಕರಣದ ತಯಾರಕರೇ ಅದರೊಂದಿಗೆ ಖಾತೆಯನ್ನು ಬಳಸಿದರೆ ಆ ಖಾತೆ ತಾತ್ಕಾಲಿಕವಾಗಿ ಇಲ್ಲವೇ ಶಾಶ್ವತವಾಗಿ ನಿಷೇಧವಾಗುವ ಅಪಾಯವಿದೆ ಎಂದು ಎಚ್ಚರಿಸಿದ್ದಾರೆ. ಇಮೇಲು, ಫೋಟೊಗಳು ಎಲ್ಲವೂ ಇರುವ ಖಾತೆಯನ್ನು ಇದಕ್ಕೆ ನಾನು ಒಡ್ಡುವುದಿಲ್ಲ. ಜೊತೆಗೆ ಆ ಕುಕಿ ಫೈಲು ಯಾರ ಕೈಗೆ ಸಿಕ್ಕರೂ ಅವರು ನೀವಾಗಿ ಒಳಹೊಕ್ಕಬಹುದು.

ಮಳೆಗಾಲ

ದಿನಕ್ಕೆ ಎರಡೋ ಮೂರೋ ವಿಡಿಯೊ ನೋಡುವವರನ್ನು ಯಾರೂ ನಿಷೇಧಿಸುವುದಿಲ್ಲ ಎಂಬ ನಂಬಿಕೆ ನನ್ನದು. ಹಾಗಿದ್ದರೂ ಬೇರೊಂದು ಖಾಲಿ ಖಾತೆ ತೆರೆದು ಅದಕ್ಕೆ ಬದಲಿಸಿಕೊಳ್ಳುತ್ತೇನೆ.

ಇರುಳುಹಕ್ಕಿ

ಕ್ಯಾಶೆಯ ಮಾತನ್ನು ಹಿಂತೆಗೆದುಕೊಳ್ಳುತ್ತೇನೆ. ಒಂದು ಅನುಮಾನ ಉಳಿದಿದೆ: ನನ್ನ ಆ್ಯಪಿನ ಭಾಷೆ ಕನ್ನಡದಲ್ಲಿದೆ, ಸಂದೇಶವೂ ಕನ್ನಡದಲ್ಲಿಯೇ ಬರುತ್ತದೆ, ಅದನ್ನು ಹುಡುಕಿದರೆ ಯಾರ ಉತ್ತರವೂ ಸಿಗುವುದಿಲ್ಲ. ಇದಕ್ಕೆ ದಾರಿ ಇದೆಯೇ?

ತಂತಿಮಾತು

`reason` ಎಂಬುದು ನೀವು ಆರಿಸಿಕೊಂಡ ಭಾಷೆಯಲ್ಲಿ ಬರುತ್ತದೆ, `status` ಬದಲಾಗುವುದಿಲ್ಲ. ಹುಡುಕುವ ಹೊತ್ತಿಗೆ ಮಾತ್ರ ಭಾಷೆಯನ್ನು ಇಂಗ್ಲಿಷಿಗೆ ತಿರುಗಿಸಿ, ಸಂದೇಶವನ್ನು ನಕಲಿಸಿಕೊಂಡು, ಮತ್ತೆ ಕನ್ನಡಕ್ಕೆ ತನ್ನಿ.

ಹಳೆ ಪೆಟ್ಟಿಗೆಯವರ ಉಳಿದ ಒಂದು ವಿಡಿಯೊ ನನಗೂ ಬಿಡಿಸಲಾಗದ ಒಗಟು. ಬ್ರೌಸರಿನಲ್ಲಿ ಅದರ `status` ಏನು ಬರುತ್ತದೆಂದು ನೋಡಿದ್ದೀರಾ?

ಹಳೆ ಪೆಟ್ಟಿಗೆ

ನೋಡಿದೆ. ಬ್ರೌಸರಿನಲ್ಲಿ `OK` ಎಂದೇ ಬರುತ್ತದೆ. ಆ್ಯಪ್ ತಯಾರಕರಿಗೆ ವಿಡಿಯೊದ ಕೊಂಡಿಯನ್ನೂ ಸಂದೇಶದ ಪೂರ್ಣ ಪಠ್ಯವನ್ನೂ ಕಳುಹಿಸಿದ್ದೇನೆ, ಸದ್ಯಕ್ಕೆ ಅದೊಂದನ್ನು ಬ್ರೌಸರಿನಲ್ಲಿಯೇ ನೋಡುತ್ತಿದ್ದೇನೆ.